126 ರೂಪಾಯಿ ಕಡಿಮೆ ಬಿತ್ತು

ನಮ್ಮ ಕಡೆ ಕಂತು ಅನ್ನುವುದು ಹೊಸ ಪದವೇನೂ ಅಲ್ಲ. ಇದನ್ನು ಬರೆಯುತ್ತಿರುವ ನಾವು ಮೂವರು. ಒಬ್ಬ ಬಂಟ್ವಾಳದ ಸಿದ್ಧಕಟ್ಟೆ ಕಡೆಯವನು, ಒಬ್ಬ ಬೆಳ್ತಂಗಡಿಯ ವೇಣೂರಿನವನು, ಇನ್ನೊಬ್ಬ ಮೂಡುಬಿದಿರೆ ಪೇಟೆಯಲ್ಲೇ ಹುಟ್ಟಿ ಬೆಳೆದವನು. ಮೂವರ ಮನೆಯಲ್ಲೂ ಏನಾದರೊಂದು ಕಂತು ನಡೆಯುತ್ತಲೇ ಇರುತ್ತದೆ. ಅಮ್ಮಂದಿರಿಗೆ ಸಂಘದ ವಾರದ ಕಂತು. ಮಿಕ್ಸಿಯೋ ಫ್ರಿಜ್ಜೋ ತಂದ ವರ್ಷ ಅಂಗಡಿಯ ಕಂತು. ಪೇಟೆಯಲ್ಲಿ ಅಂಗಡಿ ಇಟ್ಟವರ ಬಳಿಗೆ ದಿನಾ ಸಂಜೆ ಪಿಗ್ಮಿಯವರು ಬರುತ್ತಾರೆ. ಈ ಪಿಗ್ಮಿ ಹುಟ್ಟಿದ್ದೇ ನಮ್ಮ ಪಕ್ಕದ ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಾ ಅದನ್ನು ಶುರು ಮಾಡಿತು.

ಈ ಎಲ್ಲ ಕಂತುಗಳಲ್ಲೂ ಒಂದು ಮುಖ ಇರುತ್ತದೆ. ಸಂಘದ ಮೀಟಿಂಗಿಗೆ ಒಂದು ವಾರ ದುಡ್ಡು ಸಾಲದಿದ್ದರೆ ಪಕ್ಕದ ಮನೆ ಅಕ್ಕ ಕೊಟ್ಟು ಸುಧಾರಿಸುತ್ತಾರೆ. ಪಿಗ್ಮಿಯವರಿಗೆ "ಇವತ್ತು ವ್ಯಾಪಾರ ಇಲ್ಲ, ನಾಳೆ ಬನ್ನಿ" ಅಂದರೆ ನಡೆಯುತ್ತದೆ. ಈಗ ನಮ್ಮ ಫೋನಿನೊಳಗೆ ಬಂದಿರುವ ಕಂತಿಗೆ ಆ ಮುಖ ಇಲ್ಲ. ನಿಗದಿಯಾದ ದಿನ ಅದು ಖಾತೆಗೆ ಬಂದು ನೋಡುತ್ತದೆ. ಪೂರ್ತಿ ಹಣ ಇದ್ದರೆ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ದಂಡ ಬೀಳುತ್ತದೆ. ಆ ದಂಡದ ಲೆಕ್ಕ ಹೇಗೆ, ಅದು ಯಾವಾಗ ಭಾರ ಆಗುತ್ತದೆ ಅನ್ನುವುದನ್ನು ಒಂದು ನಿಜವಾದ ಪ್ರಕರಣ ಹಿಡಿದು ಬಿಡಿಸಿ ನೋಡೋಣ ಅಂತ ಈ ಬರಹ.

ಪ್ರಕರಣ ನಮ್ಮ ಕ್ಲಾಸಿನವನದ್ದೇ. ಬಂಟ್ವಾಳ ತಾಲೂಕಿನವನು, ದಿನಾ ಬಸ್ಸಿನಲ್ಲಿ ಬರುವವನು. ಹೆಸರು ಬೇಡ ಅಂದಿದ್ದಾನೆ, ಲೆಕ್ಕ ಮಾತ್ರ ಬರೆಯಿರಿ ಅಂದಿದ್ದಾನೆ. ಕಂಪನಿಯ ಹೆಸರೂ ಬೇಡ. ಯಾಕೆಂದರೆ ನಾವು ಹೇಳಹೊರಟದ್ದು ಒಂದು ಕಂಪನಿಯ ವಿಷಯ ಅಲ್ಲ, ಇಂಥ ಯೋಜನೆಗಳ ಲೆಕ್ಕಾಚಾರದ ವಿಷಯ.

ಜೂನ್ ತಿಂಗಳು. ನಮ್ಮ ಕಡೆಯ ಜೂನ್ ಅಂದರೆ ನಿಮಗೆ ಗೊತ್ತೇ ಉಂಟು. ಬಸ್‌ಸ್ಟಾಂಡಿನಿಂದ ಕ್ಲಾಸಿಗೆ ಬರುವಷ್ಟರಲ್ಲಿ ಮೊಣಕಾಲಿನವರೆಗೆ ಒದ್ದೆ. ಅವನ ಹಳೆಯ ಶೂ ಬಾಯಿ ಬಿಟ್ಟಿತ್ತು, ರೇನ್‌ಕೋಟೂ ಹರಿದಿತ್ತು. ಆನ್‌ಲೈನಿನಲ್ಲಿ ಎರಡೂ ಸೇರಿ 3,600 ರೂಪಾಯಿ. ಹಣ ಕಟ್ಟುವ ಪುಟದಲ್ಲಿ "3 ಸಮಾನ ಕಂತು, ಬಡ್ಡಿ ಇಲ್ಲ" ಅಂತ ಬಂತು. 1,200 ಈಗ, 1,200 ಒಂದು ತಿಂಗಳಿಗೆ, 1,200 ಎರಡು ತಿಂಗಳಿಗೆ. ಪ್ಯಾನ್ ನಂಬರು, ಆಧಾರ್ ಒಟಿಪಿ, ಖಾತೆಯಿಂದ ತಾನಾಗಿ ಕಡಿತ ಮಾಡಿಕೊಳ್ಳಲು ಒಂದು ಒಪ್ಪಿಗೆ. ಐದು ನಿಮಿಷದ ಕೆಲಸ.

ಆ ಐದು ನಿಮಿಷದಲ್ಲಿ ಏನಾಯಿತು ಅಂತ ಮೊದಲು ನೋಡಬೇಕು. ಶೂ ಮಾರಿದ ಅಂಗಡಿಯವರು ಅವನಿಗೆ ಸಾಲ ಕೊಡಲಿಲ್ಲ. ಅವರಿಗೆ ಹಣ ಆಗಲೇ ಸಂದಾಯ ಆಗುತ್ತದೆ. ಕೊಡುವವರು ಒಂದು ಬ್ಯಾಂಕು, ಇಲ್ಲವೇ ಎನ್‌ಬಿಎಫ್‌ಸಿ ಅಂತ ಕರೆಯುವ, ಬ್ಯಾಂಕಲ್ಲದ ಸಾಲದ ಕಂಪನಿ. ನಾವು ನೋಡುವ ಆ್ಯಪ್ ಬಹಳ ಸಲ ನಡುವಿನ ಏಜೆಂಟ್ ಮಾತ್ರ. ಹಾಗಾದರೆ ಬಡ್ಡಿ ಇಲ್ಲದೆ ಅವರಿಗೆ ಲಾಭ ಎಲ್ಲಿಂದ? ಒಂದು ಪಾಲು ಅಂಗಡಿಯವರಿಂದ. ಮಾರಾಟ ಹೆಚ್ಚುತ್ತದೆ ಅಂತ ಅವರು ಬೆಲೆಯಲ್ಲಿ ಇಂತಿಷ್ಟು ಬಿಟ್ಟುಕೊಡುತ್ತಾರೆ. ಇನ್ನೊಂದು ಪಾಲು ತಡವಾಗಿ ಕಟ್ಟುವವರಿಂದ. ನಮ್ಮ ದೃಷ್ಟಿಯಿಂದ ಮುಖ್ಯ ಆಗುವುದು ಇಷ್ಟೇ: ಹೆಸರು "ಪೇ ಲೇಟರ್" ಅಂತ ಇದ್ದರೂ ಇದು ಸಾಲ. ನಮ್ಮ ಪ್ಯಾನ್ ನಂಬರಿಗೆ ಅಂಟಿಕೊಂಡ, ಕ್ರೆಡಿಟ್ ವರದಿಯಲ್ಲಿ ಒಂದು ಸಾಲಾಗಿ ಕಾಣಬಹುದಾದ, ಬಾಕಾಯದ ಸಾಲ.

ಮೊದಲ ಕಂತು ಅಲ್ಲೇ ಹೋಯಿತು. ಎರಡನೆಯದು ಜುಲೈ 5ಕ್ಕೆ. ಎರಡು ದಿನ ಮೊದಲೇ ಮೆಸೇಜ್ ಬಂತು. ಖಾತೆಯಲ್ಲಿ 1,310 ರೂಪಾಯಿ ಉಂಟು, ಕಂತು 1,200, ಸಾಕಲ್ಲ ಅಂತ ಅವನು ಫೋನ್ ಒಳಗಿಟ್ಟ. ಅದರಲ್ಲಿ ತಪ್ಪೇನಿಲ್ಲ, ನಾವಾದರೂ ಹಾಗೇ ಮಾಡುತ್ತಿದ್ದೆವು. ಆದರೆ 4ನೇ ತಾರೀಕು ರಾತ್ರಿ ಬ್ಯಾಂಕು ಡೆಬಿಟ್ ಕಾರ್ಡಿನ ವರ್ಷದ ಶುಲ್ಕ ಅಂತ ಜಿಎಸ್‌ಟಿ ಸೇರಿಸಿ 236 ರೂಪಾಯಿ ಕಳೆದುಕೊಂಡಿತು. ಉಳಿದದ್ದು 1,074. ಬೆಳಿಗ್ಗೆ ಕಂತು ಕೇಳಿಕೊಂಡು ಬಂದಾಗ 126 ರೂಪಾಯಿ ಕಡಿಮೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಈ ತಾನಾಗಿ ಆಗುವ ಕಡಿತಕ್ಕೆ ಅರ್ಧಂಬರ್ಧ ಅಂತ ಇಲ್ಲ. 1,074 ಇದ್ದರೆ ಅದನ್ನು ತೆಗೆದುಕೊಂಡು ಉಳಿದ 126 ಆಮೇಲೆ ಕೇಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಪೂರ್ತಿ ಇದ್ದರೆ ಪಾಸ್, ಇಲ್ಲದಿದ್ದರೆ ಪೂರ್ತಿ ಬೌನ್ಸ್. ಒಂದು ರೂಪಾಯಿ ಕಡಿಮೆ ಬಿದ್ದರೂ ಸಾವಿರ ಕಡಿಮೆ ಬಿದ್ದರೂ ಒಂದೇ ಲೆಕ್ಕ. ರಜಾ ದಿನ ಅಂತಲೂ ಇಲ್ಲ. ಈ ಕಡಿತಗಳು ನಡೆಯುವ ಎನ್‌ಎಸಿಎಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ಭಾನುವಾರವೂ ಕೆಲಸ ಮಾಡುತ್ತದೆ.

ಬೌನ್ಸ್ ಆದ ಕೂಡಲೇ ಎರಡು ಕಡೆಯಿಂದ ದಂಡ ಬಿತ್ತು. ಸಾಲದ ಕಂಪನಿಯವರು ತಡದ ಶುಲ್ಕ ಅಂತ 250 ಸೇರಿಸಿದರು. ಅವನ ಸ್ವಂತ ಬ್ಯಾಂಕು, ಒಪ್ಪಿಗೆ ಕೊಟ್ಟ ಕಡಿತ ವಾಪಸ್ಸಾದದ್ದಕ್ಕೆ 250 ಮತ್ತು ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸಿ 295 ಹಾಕಿತು. ಕಂಪನಿಯ ಶುಲ್ಕ ಬಾಕಿಗೆ ಸೇರುತ್ತದೆ, ಬ್ಯಾಂಕಿನದ್ದು ಖಾತೆಯಿಂದಲೇ ಕಳೆಯುತ್ತದೆ. ಹಾಗಾಗಿ 1,074 ಇದ್ದದ್ದು 779 ಆಯಿತು.

7ನೇ ತಾರೀಕು ಅವನ ಅಪ್ಪನ ಸಂಬಳ ಆಗಿ 500 ರೂಪಾಯಿ ಬಂತು. ಖಾತೆಯಲ್ಲಿ 1,279. ಈಗ ಕಂತಿಗೆ ಸಾಕು ಅಂತ ಅವನ ಲೆಕ್ಕ. 8ಕ್ಕೆ ಕಂಪನಿಯವರು ಮತ್ತೆ ಕಡಿತಕ್ಕೆ ಕಳಿಸಿದರು. ಆದರೆ ಈ ಸಲ 1,200 ಅಲ್ಲ, ತಡದ ಶುಲ್ಕ ಸೇರಿ 1,450. ಮತ್ತೆ ಬೌನ್ಸ್, ಬ್ಯಾಂಕಿನ ಇನ್ನೊಂದು 295. ಉಳಿದದ್ದು 984. ಗಮನಿಸಿ, ಎರಡನೇ ಸಲ ಬೌನ್ಸ್ ಆದದ್ದು ದುಡ್ಡು ಬರಲಿಲ್ಲ ಅಂತ ಅಲ್ಲ. ಮೊದಲ ಬೌನ್ಸಿನ 295 ಮತ್ತು 250 ಇಲ್ಲದಿದ್ದರೆ ಖಾತೆಯಲ್ಲಿ 1,574 ಇರುತ್ತಿತ್ತು, ಕೇಳುವುದು 1,200 ಆಗಿರುತ್ತಿತ್ತು, ಕಂತು ಆರಾಮವಾಗಿ ಪಾಸಾಗುತ್ತಿತ್ತು. ದಂಡವೇ ಇನ್ನೊಂದು ದಂಡವನ್ನು ಎಳೆದು ತಂದಿತು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಯಾವ ಬಗೆಯ ಫೀಡ್‌ಬ್ಯಾಕ್ ಅಂತ ಹೇಳಬೇಕಾಗಿಲ್ಲ.

10ನೇ ತಾರೀಕು ಕ್ಯಾಂಟೀನಿನಲ್ಲಿ ಅವನು ನಮ್ಮ ಹತ್ತಿರ ಬಂದ. "ಐನೂರು ಕೊಡ್ತೀರಾ ಮಾರಾಯ್ರೆ? ಇನ್ನೊಂದು ಸಲ ಬೌನ್ಸ್ ಆದ್ರೆ ಶೂ ಬಿಟ್ಟು ಬರಿಗಾಲಲ್ಲಿ ಬರ್ಬೇಕಾದೀತು" ಅಂತ ನಗುತ್ತಲೇ ಕೇಳಿದ. ಮೂವರು ಸೇರಿಸಿ 500 ಹಾಕಿದೆವು. ಅವನು ಆ್ಯಪ್ ತೆರೆದು ಯುಪಿಐ ಮೂಲಕ ನೇರವಾಗಿ 1,450 ಕಟ್ಟಿದ. ಖಾತೆಯಲ್ಲಿ 34 ರೂಪಾಯಿ ಉಳಿಯಿತು.

ಒಟ್ಟು ದಂಡ 250, 295, 295. ಸೇರಿ 840 ರೂಪಾಯಿ. 126 ರೂಪಾಯಿ ಐದು ದಿನ ಕಡಿಮೆ ಬಿದ್ದದ್ದಕ್ಕೆ 840. ಶೂ ಮತ್ತು ರೇನ್‌ಕೋಟಿನ ಬೆಲೆ 3,600 ಅಲ್ಲ, 4,440 ಆಯಿತು. ಶೇಕಡಾ 23 ಹೆಚ್ಚು. ಅವನ ಅಮ್ಮ ಬೀಡಿ ಕಟ್ಟುತ್ತಾರೆ. "ಅಮ್ಮನಿಗೆ ಶೂ 3,600 ಅಂತ ಹೇಳಿದ್ದೇನೆ, ಈ 840 ಹೇಳ್ಲಿಲ್ಲ. ವಾರ ಇಡೀ ಕೂತು ಕಟ್ಟಿ ಬ್ರಾಂಚಿಗೆ ಕೊಟ್ಟು ಬರುವವರಿಗೆ ಇದನ್ನು ಹೇಗೆ ಹೇಳುವುದು?" ಅಂದ. ಆ ಮಾತಿನ ಮೇಲೆ ನಾವು ಪೆನ್ನು ಹಿಡಿದು ಕೂತದ್ದು.

ಮೊದಲು ಹುಟ್ಟಿದ ಪ್ರಶ್ನೆ: ಇವನು ನಿಜವಾಗಿ ಎಷ್ಟು ಸಾಲ ಮಾಡಿದ್ದ? 3,600 ಅಲ್ಲ. ಮೊದಲ 1,200 ಕೈಯಿಂದಲೇ ಕೊಟ್ಟಿದ್ದ. ಸಾಲ ಇದ್ದದ್ದು ಒಂದು 1,200 ರೂಪಾಯಿ 30 ದಿನಕ್ಕೆ, ಇನ್ನೊಂದು 1,200 ರೂಪಾಯಿ 60 ದಿನಕ್ಕೆ. ಕರೆಂಟನ್ನು ಕಿಲೋವ್ಯಾಟ್ ಗುಣಿಸು ಗಂಟೆ ಅಂತ ಅಳೆಯುತ್ತೇವಲ್ಲ, ಹಾಗೆ ಸಾಲವನ್ನು ರೂಪಾಯಿ ಗುಣಿಸು ದಿನ ಅಂತ ಅಳೆಯಬಹುದು. ಮೊದಲನೆಯದು 36,000 ರೂಪಾಯಿ-ದಿನ, ಎರಡನೆಯದು 72,000. ಒಟ್ಟು 1,08,000. ಇದನ್ನು 365ರಿಂದ ಭಾಗಿಸಿದರೆ ಸುಮಾರು 296. ಅಂದರೆ ಇಡೀ ಯೋಜನೆಯಲ್ಲಿ ಅವನಿಗೆ ಸಿಕ್ಕಿದ ಸಾಲ, ಒಂದು ವರ್ಷಕ್ಕೆ 296 ರೂಪಾಯಿ ಕೈಗಡ ಪಡೆದಷ್ಟೇ.

ಈ 296ನ್ನು ಕೈಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಇದೇ ಸಾಲವನ್ನು ವರ್ಷಕ್ಕೆ ಶೇಕಡಾ 24 ಬಡ್ಡಿಗೆ ತೆಗೆದುಕೊಂಡಿದ್ದರೆ, ಅದು ಕಡಿಮೆ ದರವೇನಲ್ಲ, ಒಟ್ಟು ಬಡ್ಡಿ 71 ರೂಪಾಯಿ ಆಗುತ್ತಿತ್ತು. "ಬಡ್ಡಿ ಇಲ್ಲ" ಅಂತ ಅವನಿಗೆ ಉಳಿದದ್ದು ಹೆಚ್ಚೆಂದರೆ ಇಷ್ಟು. ಇನ್ನು ಕೈಯಲ್ಲಿ 3,600 ಇದ್ದೂ, "ಸುಮ್ಮನೆ ಸಿಗ್ತದಲ್ಲ, ದುಡ್ಡು ಬ್ಯಾಂಕಲ್ಲೇ ಇರಲಿ" ಅಂತ ಕಂತು ಆರಿಸುವವರೂ ಇದ್ದಾರೆ. ಉಳಿತಾಯ ಖಾತೆಯ ಬಡ್ಡಿ ಶೇಕಡಾ 2.5 ಅಂತ ಇಟ್ಟುಕೊಂಡರೆ ಅವರಿಗೆ ಆಗುವ ಲಾಭ 7 ರೂಪಾಯಿ 40 ಪೈಸೆ. ಒಂದು ಚಾ ಕೂಡ ಬರಲಿಕ್ಕಿಲ್ಲ. ಒಂದು ಸಲ ಬೌನ್ಸ್ ಆದರೆ 250 ಮತ್ತು 295 ಸೇರಿ 545 ನಷ್ಟ. ಅಂದರೆ ಇಂಥ 74 ಖರೀದಿ ಮಾಡಿ ಒಂದೇ ಒಂದರಲ್ಲಿ ಬೌನ್ಸ್ ಆದರೂ ಅಷ್ಟೂ ಲಾಭ ಅಳಿಸಿಹೋಗುತ್ತದೆ.

ಆ 545ನ್ನು ಬಡ್ಡಿ ಅಂತ ಓದಿದರೆ ವರ್ಷಕ್ಕೆ ಎಷ್ಟು ದರ? ನಿಮ್ಮ ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಲು ನಾಲ್ಕು ಸಾಲಿನ ಪೈಥಾನ್ ಕೊಡುತ್ತೇವೆ. ಮೊದಲ ಕಂತು ಕೊಳ್ಳುವಾಗಲೇ ಹೋಗುತ್ತದೆ ಅಂತ ಇಟ್ಟುಕೊಂಡು ಬರೆದದ್ದು.

```python
kantu, sala, antara = 1200, 3, 30
rupee_dina = kantu * antara * sum(range(1, sala))
danda = 250 + 295
print(round(danda * 365 / rupee_dina * 100))
```

ಉತ್ತರ 184. ಒಂದೇ ಬೌನ್ಸಿಗೆ ವರ್ಷಕ್ಕೆ ಶೇಕಡಾ 184. ಈಗ `kantu` ಜಾಗದಲ್ಲಿ 16000 ಹಾಕಿ ನೋಡಿ, ಅಂದರೆ 48,000ದ ಲ್ಯಾಪ್‌ಟಾಪ್ ಅದೇ ಮೂರು ಕಂತಿಗೆ ತೆಗೆದುಕೊಂಡ ಹಾಗೆ. ಉತ್ತರ 14. ಯೋಜನೆ ಅದೇ, ದಂಡ ಅದೇ, ಬದಲಾದದ್ದು ವಸ್ತುವಿನ ಬೆಲೆ ಮಾತ್ರ.

ನಮ್ಮ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದೇ. ಬಡ್ಡಿ ಸಾಲದ ಗಾತ್ರಕ್ಕೂ ದಿನಕ್ಕೂ ತಕ್ಕ ಹಾಗೆ ಬೆಳೆಯುತ್ತದೆ. ಸಾಲ ಸಣ್ಣದಾದರೆ ಬಡ್ಡಿಯೂ ಸಣ್ಣದು. ಇಡಿಗಂಟಾಗಿ ಹಾಕುವ ದಂಡಕ್ಕೆ ಗಾತ್ರವೂ ಗೊತ್ತಿಲ್ಲ, ದಿನವೂ ಗೊತ್ತಿಲ್ಲ. ಹಾಗಾಗಿ ಕಂತು ಸಣ್ಣದಾದಷ್ಟೂ ದಂಡ ದೊಡ್ಡದಾಗಿ ಕಾಣುತ್ತದೆ. ನಾವು ವಿದ್ಯಾರ್ಥಿಗಳು ಇಂಥ ಯೋಜನೆಯಲ್ಲಿ ಕೊಳ್ಳುವುದೋ ಶೂ, ಇಯರ್‌ಫೋನು, ಬ್ಯಾಗು. "ಸಣ್ಣ ಮೊತ್ತ ಅಲ್ವಾ, ಎಂತ ಆಗ್ತದೆ?" ಅನ್ನುವ ಧೈರ್ಯ ಇಲ್ಲಿ ಪೂರ್ತಿ ತಿರುಗುಮುರುಗು. ಕಂತಿನ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕಾದದ್ದು ಸಣ್ಣ ಮೊತ್ತಕ್ಕೇ. ಇದೇ ಮಾತು ಕಂತಿನ ಸಂಖ್ಯೆಗೂ ಹೊಂದುತ್ತದೆ. 3,600ನ್ನು ಮೂರರ ಬದಲು ಆರು ಮಾಡಿದರೆ ತಿಂಗಳಿಗೆ 600, ಕೇಳಲು ಇನ್ನೂ ಹಗುರ. ಆದರೆ ಬೌನ್ಸ್ ಆಗಬಹುದಾದ ದಿನಗಳು ಎರಡರ ಬದಲು ಐದು, ಮತ್ತು ಪ್ರತಿಯೊಂದರಲ್ಲೂ 600ರ ಕಂತಿಗೆ 545ರ ದಂಡ ಕಾಯುತ್ತಿರುತ್ತದೆ.

ಒಂದು ಮಾತು ಸೇರಿಸಬೇಕು. ಎಲ್ಲ ಕಡೆ ದಂಡ ಒಂದೇ ಅಲ್ಲ. ಕೆಲವು ಕಂಪನಿಗಳು ಬಾಕಿಯ ಮೊತ್ತ ನೋಡಿ ಹಂತ ಹಂತವಾಗಿ ಶುಲ್ಕ ಇಟ್ಟಿರುತ್ತವೆ, ಕೆಲವು ದಿನಕ್ಕೆ ಇಂತಿಷ್ಟು ಅನ್ನುತ್ತವೆ, ಕೆಲವು ಒಂದೆರಡು ದಿನ ರಿಯಾಯಿತಿ ಕೊಡುತ್ತವೆ. ಬ್ಯಾಂಕಿನ ವಾಪಸಾತಿ ಶುಲ್ಕವೂ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಮ್ಮ ಅಂಕಿಗಳು ಒಬ್ಬನ ಪ್ರಕರಣದವು. ನೀವು ನೋಡಬೇಕಾದದ್ದು ನಿಮ್ಮ ಕಾಗದದಲ್ಲಿರುವ ಅಂಕಿ.

ಆ ಕಾಗದ ಎಲ್ಲಿರುತ್ತದೆ? 2024ರ ಅಕ್ಟೋಬರ್ 1ರಿಂದ ಕೊಡುವ ಇಂಥ ವೈಯಕ್ತಿಕ ಸಾಲಗಳಿಗೆಲ್ಲ ಕೆಎಫ್‌ಎಸ್ ಅನ್ನುವ ಮುಖ್ಯಾಂಶದ ಪತ್ರ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆ್ಯಪ್‌ನಲ್ಲಿ ಅದು ಪಿಡಿಎಫ್ ಆಗಿ ಬರುತ್ತದೆ, "ಒಪ್ಪಿದ್ದೇನೆ" ಅನ್ನುವ ಗುಂಡಿಯ ಹತ್ತಿರ ಅದರ ಕೊಂಡಿ ಇರುತ್ತದೆ. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಎಲ್ಲ ಸೇರಿಸಿ ಸಾಲದ ವರ್ಷದ ನಿಜವಾದ ದರ ಅದು. ಗೆಳೆಯನ ಪತ್ರ ತೆಗೆದು ನೋಡಿದೆವು. ಎಪಿಆರ್ ಸೊನ್ನೆ. ಅದು ಸುಳ್ಳಲ್ಲ. ಯಾಕೆಂದರೆ ಎಪಿಆರ್ ಲೆಕ್ಕಕ್ಕೆ ತಡದ ದಂಡ ಸೇರುವುದಿಲ್ಲ. ಕಂತು ಸಮಯಕ್ಕೆ ಕಟ್ಟುತ್ತೀರಿ ಅಂತ ಇಟ್ಟುಕೊಂಡು ಹಾಕುವ ಲೆಕ್ಕ ಅದು. ದಂಡಗಳನ್ನು ಅದೇ ಪತ್ರದಲ್ಲಿ ಬೇರೆ ಕಡೆ ಬರೆದಿರುತ್ತಾರೆ. ಎಪಿಆರ್ ಸೊನ್ನೆ ಅಂತ ನೋಡಿ ಪುಟ ಮುಚ್ಚಿದರೆ ನಮಗೆ ಬೇಕಾದ ಸಾಲು ತಪ್ಪಿಹೋಗುತ್ತದೆ. ಇದರ ಮೇಲೆ, ನಿಮ್ಮ ಬ್ಯಾಂಕಿನ ವಾಪಸಾತಿ ಶುಲ್ಕ ಸಾಲ ಕೊಡುವವರ ಕೈಯಲ್ಲಿಲ್ಲ. ಅದನ್ನು ಬ್ಯಾಂಕಿನ ಶುಲ್ಕದ ಪಟ್ಟಿಯಲ್ಲೇ ನೋಡಬೇಕು. ನಮ್ಮ ಲೆಕ್ಕದಲ್ಲಿ ದೊಡ್ಡ ಪಾಲು, 840ರಲ್ಲಿ 590, ಬ್ಯಾಂಕಿನದ್ದೇ ಆಗಿತ್ತು.

ದಂಡಕ್ಕೂ ಒಂದು ಗೆರೆ ಉಂಟು. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಹಾಕಿದೆ. ದಂಡವನ್ನು ಹೆಚ್ಚುವರಿ ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ. ದಂಡದ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ದಂಡ ತಪ್ಪಿಗೆ ತಕ್ಕಷ್ಟಿರಬೇಕು, ಅದನ್ನು ಮೊದಲೇ ತಿಳಿಸಿರಬೇಕು. 2025ರ ಜನವರಿಯಲ್ಲಿ ಇನ್ನೊಂದು ಸ್ಪಷ್ಟನೆ ಬಂತು: ಸಾಲ ಕೊಟ್ಟವರು ಈ ನಿಯಮದಡಿ ಹಾಕುವ ದಂಡಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ತಡದ ಶುಲ್ಕ 250 ಇರುವಲ್ಲಿ 295 ಕಂಡರೆ ಕೇಳುವ ಹಕ್ಕು ನಿಮಗಿದೆ. ಬ್ಯಾಂಕು ವಾಪಸಾತಿಗೆ ಹಾಕುವುದು ಸೇವಾ ಶುಲ್ಕ, ಅದರ ಮಾತು ಬೇರೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ದೂರು ಹಾಕಬಹುದು.

ಇನ್ನು ಕ್ರೆಡಿಟ್ ವರದಿ. ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕು ಅಂತ 2025ರಲ್ಲಿ ನಿಯಮ ಬಂತು. ಮೊದಲು ತಿಂಗಳಿಗೊಮ್ಮೆ ಇತ್ತು. ಹಾಗಾಗಿ ಐದಾರು ದಿನದ ತಡ ಕೂಡ ಮಾಹಿತಿ ಹೋಗುವ ದಿನಕ್ಕೆ ಸರಿಯಾಗಿ ಬಿದ್ದರೆ ದಾಖಲಾಗುವ ಸಾಧ್ಯತೆ ಹೆಚ್ಚಾಯಿತು. ವರದಿ ನೋಡುವವರಿಗೆ ಕಾಣುವುದು ಎಷ್ಟು ದಿನ ತಡ ಅನ್ನುವ ಅಂಕಿ. 126 ರೂಪಾಯಿಯ ಕಥೆ ಅಲ್ಲಿ ಬರೆದಿರುವುದಿಲ್ಲ. ವರದಿಯನ್ನು ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪುಕ್ಕಟೆ ತೆಗೆಯಬಹುದು. ಗೆಳೆಯನದ್ದು ತೆಗೆಸಿ ನೋಡಿದೆವು, ತಡ ದಾಖಲಾಗಿರಲಿಲ್ಲ. ಅಷ್ಟು ಸಮಾಧಾನ.

ಹಾಗಾದರೆ ಈ ಯೋಜನೆಯನ್ನು ಮುಟ್ಟಲೇಬಾರದಾ ಅಂತ ನಮ್ಮೊಳಗೇ ಚರ್ಚೆ ಆಯಿತು. ವೇಣೂರಿನವನು ಬೇಡವೇ ಬೇಡ ಅಂದ. ಉಳಿದಿಬ್ಬರಿಗೆ ಹಾಗನ್ನಿಸಲಿಲ್ಲ. ಮಳೆಗಾಲದಲ್ಲಿ ಶೂ ಬೇಕಾದವನಿಗೆ 3,600 ಒಟ್ಟಿಗೆ ಇಲ್ಲ, ತಿಂಗಳಿಗೆ 1,200 ಆಗುತ್ತದೆ ಅಂದರೆ, ಎಲ್ಲ ಕಂತು ಸಮಯಕ್ಕೆ ಹೋದಲ್ಲಿ ಇದಕ್ಕಿಂತ ಅಗ್ಗದ ಸಾಲ ಸಿಗುವುದು ಕಷ್ಟ. ಗೆಳೆಯನ ಮೂರನೇ ಕಂತು ಹಾಗೇ ಹೋಯಿತು, ಒಂದು ಪೈಸೆ ಹೆಚ್ಚಿಲ್ಲದೆ. ವ್ಯತ್ಯಾಸ ಮಾಡಿದ್ದು ಎರಡು ಸಣ್ಣ ವಿಷಯ.

ಒಂದು, ತಾರೀಕು. ಕಂತು 5ಕ್ಕೆ, ಮನೆಯಿಂದ ದುಡ್ಡು ಬರುವುದು 7ಕ್ಕೆ. ಈ ಎರಡು ದಿನದ ಅಂತರದಲ್ಲೇ ಅಷ್ಟೂ ತೊಂದರೆ ಇತ್ತು. ಕಂತಿನ ತಾರೀಕು ಕೊಂಡ ದಿನದಿಂದ ಲೆಕ್ಕ ಆಗುವ ಯೋಜನೆಯಲ್ಲಿ, ತಾರೀಕನ್ನು ಆರಿಸುವವರು ನಾವೇ ಅಂತ ಬಹಳ ಜನರಿಗೆ ಹೊಳೆಯುವುದಿಲ್ಲ. ಮನೆಯ ದುಡ್ಡು 7ಕ್ಕೆ ಬರುವುದಾದರೆ 5ರ ಬದಲು 10ಕ್ಕೆ ಕೊಂಡರೆ ಮುಂದಿನ ಎಲ್ಲ ಕಂತೂ 10ರ ಆಸುಪಾಸಿಗೆ ಬೀಳುತ್ತದೆ. ಬೀಡಿ, ಗೇರುಬೀಜದ ಫ್ಯಾಕ್ಟರಿ, ಕೂಲಿ ಕೆಲಸದ ಮನೆಗಳಲ್ಲಿ ದುಡ್ಡು ವಾರದ ಲೆಕ್ಕದಲ್ಲಿ ಬರುತ್ತದೆ, ತಿಂಗಳ ತಾರೀಕಿನ ಲೆಕ್ಕದಲ್ಲಿ ಅಲ್ಲ. ಅಂಥವರು ವಾರ ವಾರ ತೆಗೆದಿಟ್ಟು ಕಂತಿನ ದಿನದ ಮೊದಲು ಸೇರಿಸಬೇಕಾಗುತ್ತದೆ.

ಎರಡು, ಖಾತೆಯ ಕಡಿತಕ್ಕೆ ಕಾಯದೆ ತಾನೇ ಮುಂಚಿತವಾಗಿ ಕಟ್ಟುವುದು. ಆದರೆ ಅದೇ ದಿನ ಬೆಳಿಗ್ಗೆ ಅಲ್ಲ. ಕಡಿತದ ಪಟ್ಟಿ ಒಂದೆರಡು ದಿನ ಮೊದಲೇ ಬ್ಯಾಂಕಿಗೆ ಹೋಗಿರಬಹುದು. ನೀವು ಆ್ಯಪ್‌ನಲ್ಲಿ ಕಟ್ಟಿಯೂ ಖಾತೆಯಲ್ಲಿ ಮತ್ತೊಮ್ಮೆ ಕಡಿತಕ್ಕೆ ಬಂದು, ಹಣ ಇಲ್ಲದೆ ಬೌನ್ಸ್ ಆಗಿ, ಕಟ್ಟಿದ ಕಂತಿಗೇ 295 ಬೀಳುವುದುಂಟು. ಮೂರ್ನಾಲ್ಕು ದಿನ ಮೊದಲು ಕಟ್ಟಿದರೆ ಆ ಭಯ ಇಲ್ಲ. ಬ್ಯಾಂಕಿನಲ್ಲಿ ಕಡಿತದ ಒಪ್ಪಿಗೆಯನ್ನೇ ರದ್ದು ಮಾಡಿದರೆ ಆಯಿತಲ್ಲ ಅಂತ ಒಬ್ಬ ಸೀನಿಯರ್ ಹೇಳಿದರು. ರದ್ದು ಮಾಡಿದರೆ ಬ್ಯಾಂಕಿನ 295 ತಪ್ಪಬಹುದು, ಸಾಲ ತಪ್ಪುವುದಿಲ್ಲ. ತಡದ ಶುಲ್ಕವೂ ಕ್ರೆಡಿಟ್ ವರದಿಯೂ ಹಾಗೇ ಇರುತ್ತವೆ.

ವಸ್ತು ವಾಪಸ್ ಮಾಡುವವರಿಗೂ ಒಂದು ಎಚ್ಚರಿಕೆ. ಶೂ ಅಳತೆ ಸರಿಯಿಲ್ಲ ಅಂತ ವಾಪಸ್ ಕಳಿಸಿದ ಮಾತ್ರಕ್ಕೆ ಕಂತು ನಿಲ್ಲುವುದಿಲ್ಲ. ಅಂಗಡಿಯವರ ಹಣ ಸಾಲದ ಕಂಪನಿಗೆ ಮರಳಿ ಸೇರಿ, ಸಾಲ ಮುಗಿದಿದೆ ಅಂತ ಅಲ್ಲಿ ದಾಖಲಾಗುವ ತನಕ ಕಂತಿನ ದಿನ ಬಂದರೆ ಕಡಿತಕ್ಕೂ ಬರುತ್ತದೆ. ಆ ನಡುವಿನ ಕಂತನ್ನು ಕಟ್ಟಿ, ಹೆಚ್ಚಾದದ್ದನ್ನು ಆಮೇಲೆ ವಾಪಸ್ ಕೇಳುವುದೇ ಕಡಿಮೆ ನಷ್ಟದ ದಾರಿ. ಕೊಂಡ ಮರುಕ್ಷಣವೇ ಬೇಡ ಅನ್ನಿಸಿದರೆ ಮಾತ್ರ ಬೇರೆ ಬಾಗಿಲು ಉಂಟು. ಇಂಥ ಡಿಜಿಟಲ್ ಸಾಲಕ್ಕೆ ಕನಿಷ್ಠ ಒಂದು ದಿನದ ಮರುಯೋಚನೆಯ ಅವಧಿ ಕೊಡಬೇಕು, ಅದರೊಳಗೆ ಅಸಲು ವಾಪಸ್ ಕೊಟ್ಟು ದಂಡ ಇಲ್ಲದೆ ಹೊರಬರಬಹುದು.

ಸಿದ್ಧಕಟ್ಟೆಯವನ ಅಜ್ಜಿಗೆ ಈ ಲೆಕ್ಕವನ್ನೆಲ್ಲ ಹೇಳಿದೆವು. ತುಳುವಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವ ಮೊದಲು ಮೂರು ತಿಂಗಳು ಒಟ್ಟು ಮಾಡಿ ಆಮೇಲೆ ತಂದಿದ್ದರೆ ಆಗ್ತಿರಲಿಲ್ಲವಾ ಮಗಾ?" ಪಿಗ್ಮಿಯ ಲೆಕ್ಕ ಅದು. ಅದೇ ಕಂತು, ಅದೇ 1,200. ಆದರೆ ಕಂತು ಮೊದಲು, ವಸ್ತು ಆಮೇಲೆ. ಒಂದು ತಿಂಗಳು ತಪ್ಪಿದರೆ ಶೂ ಒಂದು ತಿಂಗಳು ತಡ ಆಗುತ್ತದೆ, ಅಷ್ಟೇ. ಜೂನ್ ಮಳೆಗೆ ಇದು ಉತ್ತರ ಆಗಲಿಕ್ಕಿಲ್ಲ ಅಂತ ನಾವು ಹೇಳಿದೆವು, ಅಜ್ಜಿಯೂ ಒಪ್ಪಿದರು. ಇಯರ್‌ಫೋನಿಗೆ ಮಾತ್ರ ಇದೇ ಉತ್ತರ ಅಂತ ನಾವೂ ಒಪ್ಪಿದೆವು.

ಈಗ ನಮ್ಮಲ್ಲಿ ಯಾರಾದರೂ ಕಂತಿನಲ್ಲಿ ಏನಾದರೂ ಕೊಳ್ಳುವ ಮೊದಲು ಮೂರು ಅಂಕಿ ಒಂದು ಚೀಟಿಯಲ್ಲಿ ಬರೆಯುತ್ತೇವೆ. ಕೆಎಫ್‌ಎಸ್‌ನಲ್ಲಿರುವ ತಡದ ಶುಲ್ಕ, ನಮ್ಮ ಬ್ಯಾಂಕಿನ ವಾಪಸಾತಿ ಶುಲ್ಕ, ಒಂದು ಕಂತಿನ ಮೊತ್ತ. ಮೊದಲೆರಡನ್ನು ಕೂಡಿಸಿ ಮೂರನೆಯದರ ಪಕ್ಕ ಇಡುತ್ತೇವೆ. 1,200ರ ಪಕ್ಕ 545 ಅಂತ ಬರೆದದ್ದನ್ನು ಕಣ್ಣಾರೆ ನೋಡಿದ ಮೇಲೂ ಬೇಕು ಅನ್ನಿಸಿದರೆ, ಕೊಳ್ಳುವ ತಾರೀಕು ನೋಡಿಕೊಂಡು ಕೊಳ್ಳುತ್ತೇವೆ, ಮತ್ತು ಕಂತಿನ ಮೇಲೆ ಒಂದು 545 ಹೆಚ್ಚಿಗೆ ಖಾತೆಯಲ್ಲಿ ಬಿಟ್ಟಿರುತ್ತೇವೆ. ಗೆಳೆಯ ನಮ್ಮ 500ನ್ನು ಆಗಸ್ಟಿನಲ್ಲಿ ವಾಪಸ್ ಕೊಟ್ಟ. "ತಡ ಆಯ್ತು, ದಂಡ ಎಷ್ಟು?" ಅಂತ ಕೇಳಿದ. ಮೂರು ಚಾ ಅಂದೆವು.